ಕೈ ಹಾಕುವ ಮುನ್ನ ಪಟ್ಟಿ: ಚೆಸ್ ಬೋರ್ಡಿನ ಮುಂದೆ ಎಂಟು ಸೂತ್ರಗಳು

ಮೂಡಲಪಾಳ್ಯ, ನಾಗರಭಾವಿ, ಚಂದ್ರಾ ಲೇಔಟ್ ಕಡೆಯಿಂದ ಭಾನುವಾರದ ರ‍್ಯಾಪಿಡ್ ಟೂರ್ನಿಗಳಿಗೆ ಹೋಗುವ ಮಕ್ಕಳಲ್ಲಿ ಫೋರ್ಕ್, ಪಿನ್ ಗೊತ್ತಿಲ್ಲದವರು ಕಡಿಮೆ. ಪಜಲ್ ಕೊಟ್ಟರೆ ಚಕಚಕನೆ ಬಿಡಿಸುತ್ತಾರೆ. ಆದರೂ ಟೂರ್ನಿ ಮುಗಿಸಿ ಬಂದು ಸೋತ ಆಟವನ್ನು ಬೋರ್ಡಿನ ಮೇಲೆ ಇಟ್ಟಾಗ ಹತ್ತರಲ್ಲಿ ಹಲವರ ಕಥೆ ಒಂದೇ ಆಗಿರುತ್ತದೆ. ಒಂದು ಚೆಕ್ ಕಂಡಿತು, ಇಲ್ಲವೇ ಹೊಡೆಯಲು ಒಂದು ಕಾಯಿ ಕಂಡಿತು, ಯೋಚನೆ ಅಲ್ಲಿಗೇ ನಿಂತಿತು. ಅದಕ್ಕಿಂತ ಒಳ್ಳೆಯ ನಡೆ ಪಕ್ಕದಲ್ಲೇ ಇತ್ತು, ಅದನ್ನು ಅವರು ನೋಡಲೇ ಇಲ್ಲ.

ಚೆಕ್ ಕೊಡುವ, ಕಾಯಿ ಹೊಡೆಯುವ, ದೊಡ್ಡ ಬೆದರಿಕೆ ಒಡ್ಡುವ ನಡೆಗಳು ಎದುರಾಳಿಯ ಕೈ ಕಟ್ಟಿಹಾಕುತ್ತವೆ. ಹಾಗಾಗಿ ಅವುಗಳ ಲೆಕ್ಕ ಸುಲಭ, ಆಕರ್ಷಣೆಯೂ ಹೆಚ್ಚು. ಅವನ್ನು ಮೊದಲು ನೋಡುವುದು ಸರಿಯೇ. ಅಂಥ ಮೊದಲನೆಯದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುವುದು ತಪ್ಪು. ಇದನ್ನು ತಪ್ಪಿಸಲು ಚೆಸ್‌ನಲ್ಲಿ ಇರುವ ಶಿಸ್ತಿಗೆ ಕ್ಯಾಂಡಿಡೇಟ್ ಮೂವ್ ಪದ್ಧತಿ ಎನ್ನುತ್ತಾರೆ. ಆಡಲು ಯೋಗ್ಯವೆನಿಸುವ ನಡೆಗಳನ್ನೆಲ್ಲ ಮೊದಲು ಪಟ್ಟಿ ಮಾಡಿ, ಆಮೇಲೆ ಒಂದೊಂದರ ಲೆಕ್ಕ ಹಾಕುವುದು.

ಈ ಎಂಟು ಸೂತ್ರಗಳನ್ನು ಬಹುಪಾಲು ಒಂದೇ ಸ್ಥಿತಿಯ ಮೇಲೆ ತೋರಿಸುತ್ತೇನೆ. ಮನೆಯಲ್ಲಿ ಬೋರ್ಡ್ ಇದ್ದರೆ ಈ ನಾಲ್ಕು ನಡೆ ಆಡಿಟ್ಟುಕೊಂಡು ಓದಿ. ಅಕ್ಷರಗಳು ಸ್ಕೋರ್‌ಶೀಟಿನಲ್ಲಿ ಬರೆಯುವಂಥವೇ: K ರಾಜ, Q ರಾಣಿ, R ಆನೆ, B ಒಂಟೆ, N ಕುದುರೆ.

```
1.e4 e5  2.Nf3 d6  3.Bc4 Bg4  4.Nc3 Nc6
```

ಈಗ ಬಿಳಿಯ ಸರದಿ. f3ಯಲ್ಲಿರುವ ಬಿಳಿ ಕುದುರೆಯನ್ನು g4ರ ಕಪ್ಪು ಒಂಟೆ ಪಿನ್ ಮಾಡಿದೆ. ಕುದುರೆ ಕದಲಿದರೆ ಹಿಂದಿರುವ ರಾಣಿ ಹೊಡೆತಕ್ಕೆ ಸಿಗುತ್ತದೆ.

1. ಎದುರಾಳಿಯ ಕೊನೆಯ ನಡೆ ಏನನ್ನು ಬದಲಿಸಿತು ಎಂದು ಮೊದಲು ಕೇಳಿ

ಚೆಸ್ ಕಲಿತ ಮಕ್ಕಳಿಗೆ ಇಲ್ಲಿ ಕೂಡಲೇ ನೆನಪಾಗುವುದು ಲೆಗಾಲ್ ಮೇಟ್. ಲೆಗಾಲ್ 18ನೇ ಶತಮಾನದ ಫ್ರೆಂಚ್ ಆಟಗಾರ, ಪ್ರಸಿದ್ಧ ಫಿಲಿಡೋರ್‌ನ ಗುರು. ಅವನ ಹೆಸರಿನ ಬಲೆ ಹೀಗಿದೆ. ನಾಲ್ಕನೇ ನಡೆಯಲ್ಲಿ ಕಪ್ಪು ಕುದುರೆ ತರುವ ಬದಲು g6 ಎಂದು ಪಾನ್ ತಳ್ಳಿದೆ ಎಂದಿಟ್ಟುಕೊಳ್ಳಿ.

```
4...g6  5.Nxe5 Bxd1  6.Bxf7+ Ke7  7.Nd5#
```

ಬಿಳಿ ತನ್ನ ರಾಣಿಯನ್ನೇ ಬಿಟ್ಟುಕೊಟ್ಟು ಎರಡು ಕುದುರೆ, ಒಂದು ಒಂಟೆಯಿಂದ ಮೇಟ್ ಮಾಡಿತು. ಕಪ್ಪು ಆಸೆಗೆ ಬಿದ್ದು ರಾಣಿ ಹೊಡೆಯದೆ dxe5 ಎಂದು ಆಡಿದ್ದರೂ ಬಿಳಿ Qxg4 ಎಂದು ಒಂಟೆ ಹೊಡೆದು ಒಂದು ಪಾನ್ ಮುಂದಿರುತ್ತಿತ್ತು. ಅಂದರೆ g6 ಆಡಿದಾಗ Nxe5 ನಿಜಕ್ಕೂ ಒಳ್ಳೆಯ ನಡೆ.

ನಮ್ಮ ಸ್ಥಿತಿಯಲ್ಲಿ ಕಪ್ಪು ಆಡಿರುವುದು g6 ಅಲ್ಲ, Nc6. ಬೋರ್ಡಿನ ಮೇಲಿನ ಚಿತ್ರ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಬದಲಾಗಿರುವುದು ಒಂದೇ ನಡೆ. ಆದರೆ ಆ c6 ಕುದುರೆ ಈಗ e5 ಮನೆಯನ್ನು ಕಾಯುತ್ತಿದೆ. ಪರಿಚಿತ ಚಿತ್ರ ಕಂಡಾಗ ಮನಸ್ಸು ಉತ್ತರಕ್ಕೆ ಹಾರುತ್ತದೆ, ವ್ಯತ್ಯಾಸ ಹುಡುಕುವುದಿಲ್ಲ. ಆದ್ದರಿಂದ ಪ್ರತಿ ಸರದಿಯಲ್ಲೂ ಮೊದಲ ಪ್ರಶ್ನೆ ಒಂದೇ ಇರಲಿ: ಈಗಷ್ಟೇ ಕದಲಿದ ಕಾಯಿ ಯಾವ ಮನೆಗಳನ್ನು ಹೊಸದಾಗಿ ಕಾಯುತ್ತಿದೆ, ಯಾವುದನ್ನು ಕಾಯುವುದು ಬಿಟ್ಟಿತು? ಇದಕ್ಕೆ ಐದು ಸೆಕೆಂಡ್ ಸಾಕು.

2. ಪಟ್ಟಿ ಮೊದಲು, ಲೆಕ್ಕ ಆಮೇಲೆ

ಕ್ಯಾಂಡಿಡೇಟ್ ಮೂವ್ ಎಂಬ ಮಾತನ್ನು ಚೆಸ್ ಲೋಕದಲ್ಲಿ ಮನೆಮಾತು ಮಾಡಿದವರು ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೊಟೊವ್. ಅವರ ‘ಥಿಂಕ್ ಲೈಕ್ ಎ ಗ್ರ್ಯಾಂಡ್‌ಮಾಸ್ಟರ್’ ಪುಸ್ತಕ ಇಂಗ್ಲಿಷಿಗೆ ಬಂದದ್ದು 1971ರಲ್ಲಿ. ಯಾವ ನಡೆಯ ಲೆಕ್ಕಕ್ಕೂ ಇಳಿಯುವ ಮುನ್ನ ಎಲ್ಲ ಕ್ಯಾಂಡಿಡೇಟ್‌ಗಳನ್ನು ಹೆಸರಿಸಿಬಿಡಿ ಎಂಬುದು ಅವರ ಮೊದಲ ನಿಯಮ. ಒಂದೊಂದು ಕೊಂಬೆಯನ್ನು ಒಮ್ಮೆ ಮಾತ್ರ ನೋಡಿ, ಹಿಂದಿರುಗಬೇಡಿ ಎಂಬುದು ಎರಡನೆಯದು. ಎರಡನೇ ನಿಯಮವನ್ನು ಆಮೇಲೆ ಬಂದ ಹಲವು ಬಲಿಷ್ಠ ಆಟಗಾರರು ಒಪ್ಪಲಿಲ್ಲ. ಏಕೆ ಎಂಬುದು ಐದನೇ ಸೂತ್ರದಲ್ಲಿ ಬರುತ್ತದೆ. ಮೊದಲ ನಿಯಮಕ್ಕೆ ಮಾತ್ರ ಇವತ್ತಿಗೂ ಪೂರ್ತಿ ಬೆಲೆ ಇದೆ.

‘ಒಂದು ಒಳ್ಳೆಯ ನಡೆ ಸಿಕ್ಕಿದೆ, ಅದನ್ನು ನೋಡಿ ಮುಗಿಸಿ ಆಮೇಲೆ ಬೇರೆಯದನ್ನು ಹುಡುಕುತ್ತೇನೆ’ ಎಂದರೆ ಏನಾಗುತ್ತದೆ ಎಂಬುದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಬಿಲಾಲಿಚ್, ಮೆಕ್ಲಿಯಾಡ್, ಗೋಬೆ ಎಂಬ ಮೂವರು ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅನುಭವಿ ಆಟಗಾರರಿಗೆ ಒಂದು ಸ್ಥಿತಿ ಕೊಟ್ಟು ಅತ್ಯಂತ ಚಿಕ್ಕ ಗೆಲುವನ್ನು ಹುಡುಕಲು ಹೇಳಿದರು. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಸ್ಮದರ್ಡ್ ಮೇಟ್ ಐದು ನಡೆಯಲ್ಲಿತ್ತು. ಅಷ್ಟು ಪರಿಚಿತವಲ್ಲದ ಮತ್ತೊಂದು ಮೇಟ್ ಮೂರೇ ನಡೆಯಲ್ಲಿತ್ತು. ಪರಿಚಿತ ಮೇಟ್ ಕಂಡವರು ‘ಇದಕ್ಕಿಂತ ಚಿಕ್ಕದನ್ನು ಹುಡುಕುತ್ತಿದ್ದೇವೆ’ ಎಂದು ಹೇಳುತ್ತಲೇ ಇದ್ದರು. ಆದರೆ ಕಣ್ಣಿನ ಚಲನೆ ದಾಖಲಿಸುವ ಯಂತ್ರ ಬೇರೆಯದನ್ನೇ ತೋರಿಸಿತು. ಅವರ ಕಣ್ಣು ಮತ್ತೆ ಮತ್ತೆ ಮೊದಲ ಮೇಟ್‌ಗೆ ಸಂಬಂಧಿಸಿದ ಮನೆಗಳಿಗೇ ಹೋಗುತ್ತಿತ್ತು. ಕಾಯಿಗಳನ್ನು ಸ್ವಲ್ಪ ಬದಲಿಸಿ ಆ ಪರಿಚಿತ ದಾರಿಯನ್ನು ಮುಚ್ಚಿದಾಗ ಮಾತ್ರ ಚಿಕ್ಕ ಮೇಟ್ ಕಾಣಿಸಿತು.

ಒಮ್ಮೆ ಲೆಕ್ಕಕ್ಕೆ ಇಳಿದ ಮೇಲೆ ಕಣ್ಣು ನಿಮ್ಮ ಮಾತು ಕೇಳುವುದಿಲ್ಲ. ಪಟ್ಟಿ ಮಾಡಬೇಕಾದದ್ದು ಕಣ್ಣು ಇನ್ನೂ ಎಲ್ಲೂ ಅಂಟಿಕೊಳ್ಳದಿರುವಾಗ. ಆಕರ್ಷಕ ನಡೆ ಕಂಡಿತೇ? ಅದಕ್ಕೆ ‘ಒಂದು’ ಎಂದು ನಂಬರ್ ಕೊಟ್ಟು ಅಲ್ಲೇ ಬಿಡಿ. ‘ಎರಡು’, ‘ಮೂರು’ ಸಿಗುವ ತನಕ ಅದರ ಮುಂದಿನ ನಡೆಯನ್ನು ಯೋಚಿಸಬೇಡಿ.

3. ಚೆಕ್, ಹೊಡೆತ, ಬೆದರಿಕೆ. ಜೊತೆಗೆ ಒಂದು ಸದ್ದಿಲ್ಲದ ನಡೆ

ಪಟ್ಟಿಗೆ ಒಂದು ಕ್ರಮ ಇದ್ದರೆ ಯಾವುದೂ ತಪ್ಪಿಹೋಗುವುದಿಲ್ಲ. ಮೊದಲು ಎಲ್ಲ ಚೆಕ್‌ಗಳು, ಆಮೇಲೆ ಎಲ್ಲ ಹೊಡೆತಗಳು, ಆಮೇಲೆ ಬೆದರಿಕೆಗಳು. ‘ಎಲ್ಲ’ ಎಂದರೆ ದಡ್ಡತನದಂತೆ ಕಾಣುವವೂ ಸೇರಿ. ಇಷ್ಟನ್ನು ಬಹಳ ಕೋಚ್‌ಗಳು ಕಲಿಸುತ್ತಾರೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಮಕ್ಕಳು ಸದ್ದು ಮಾಡುವ ನಡೆಗಳನ್ನು ಮಾತ್ರ ನೋಡುವ ಅಭ್ಯಾಸಕ್ಕೆ ಬೀಳುತ್ತಾರೆ. ಅದಕ್ಕೆ ನಾಲ್ಕನೆಯದೊಂದು ಸಾಲು ಸೇರಿಸಿ: ಚೆಕ್ಕೂ ಅಲ್ಲದ, ಹೊಡೆತವೂ ಅಲ್ಲದ ಒಂದು ನಡೆ ಪಟ್ಟಿಯಲ್ಲಿ ಇರಲೇಬೇಕು.

ನಮ್ಮ ಸ್ಥಿತಿಯಲ್ಲಿ ಬಿಳಿಯ ಪಟ್ಟಿ ಹೀಗಾಗುತ್ತದೆ. ಚೆಕ್ ಇರುವುದು ಒಂದೇ, ಒಂಟೆಯಿಂದ Bxf7+. ಹೊಡೆತಗಳಲ್ಲಿ ನೋಡಬೇಕಾದದ್ದು Nxe5. ಬೆದರಿಕೆಗಳಲ್ಲಿ h3, ಒಂಟೆಯನ್ನು ಪಾನ್‌ನಿಂದ ಪ್ರಶ್ನಿಸುವ ನಡೆ. ಸದ್ದಿಲ್ಲದ ನಡೆಗಳಲ್ಲಿ d3 ಅಥವಾ ಕ್ಯಾಸಲಿಂಗ್. ಇಷ್ಟು ಹೆಸರಿಸಲು ಅರ್ಧ ನಿಮಿಷ ಬೇಕಿಲ್ಲ.

ಒಂದನ್ನು ಬೇಗ ವಿಲೇವಾರಿ ಮಾಡೋಣ. Bxf7+ ಆಡಿದರೆ ರಾಜ ಒಂಟೆಯನ್ನು ಹೊಡೆಯುತ್ತಾನೆ. ಆಮೇಲೆ Ng5+ ಎಂಬ ಚೆಕ್ ಕಣ್ಣು ಕುಕ್ಕುತ್ತದೆ. ಚೆಕ್ಕೂ ಆಯಿತು, ರಾಣಿಯ ದಾರಿ ತೆರೆದು g4ರ ಒಂಟೆಯ ಮೇಲೆ ಹೊಡೆತವೂ ಬಿತ್ತು. ಆದರೆ ಕಪ್ಪು ರಾಣಿ d8ರಿಂದ ಬಂದು ಆ ಕುದುರೆಯನ್ನೇ ಹೊಡೆಯುತ್ತದೆ, g5ರಲ್ಲಿ ನಿಂತು g4ರ ಒಂಟೆಯನ್ನೂ ಕಾಯುತ್ತದೆ. ಒಂದು ಪಾನ್‌ಗೆ ಎರಡು ಕಾಯಿ ಹೋದವು. ಮೊದಲ ಕ್ಯಾಂಡಿಡೇಟ್ ಅಳಿಸಬಹುದು.

4. ಎದುರಾಳಿಯ ಪರವಾಗಿಯೂ ಪಟ್ಟಿ ಮಾಡಿ

ಈಗ Nxe5. ಸಂಜೆ ಕ್ಲಾಸಿನಲ್ಲಿ ಈ ಸ್ಥಿತಿ ಇಟ್ಟಾಗಲೆಲ್ಲ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

“ಸರ್, ಕುದುರೆಯಿಂದ e5 ಹೊಡೀತೀನಿ. ಅವನು ಕ್ವೀನ್ ಹೊಡೆದ್ರೆ ಮೇಟ್!”

“ಸರಿ ಪುಟ್ಟಾ. ಅವನು ಕ್ವೀನ್ ಹೊಡೀಲಿಲ್ಲ ಅಂದ್ರೆ?”

“ಹೊಡೀತಾನೆ ಸರ್. ಕ್ವೀನ್ ಬಿಡ್ತಾರಾ ಯಾರಾದ್ರೂ?”

ಇದೇ ಅಪಾಯದ ಮಾತು. ಎದುರಾಳಿ ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾನೆ ಎಂದು ನಂಬಿ ಮಾಡುವ ಲೆಕ್ಕ ಲೆಕ್ಕವಲ್ಲ. ಅವನಿಗೂ ಅದೇ ಕ್ರಮದಲ್ಲಿ ಪಟ್ಟಿ ಮಾಡಬೇಕು. Nxe5 ಆದಮೇಲೆ ಕಪ್ಪು ಹೊಡೆಯಬಹುದಾದದ್ದು ಮೂರು ಬಗೆಯಲ್ಲಿ. ಒಂಟೆಯಿಂದ ರಾಣಿ ಹೊಡೆದರೆ Bxf7+, Ke7, Nd5 ಮೇಟ್. c6ರಲ್ಲಿ ಕುದುರೆ ಇದ್ದರೂ ಈ ಮೇಟ್ ಹಾಗೇ ನಿಲ್ಲುತ್ತದೆ. ಪಾನ್‌ನಿಂದ ಕುದುರೆ ಹೊಡೆದರೆ ಬಿಳಿಗೆ ಒಂದು ಪಾನ್ ಲಾಭ. ಕುದುರೆಯಿಂದ ಕುದುರೆ ಹೊಡೆದರೆ ಮಾತ್ರ ಚಿತ್ರವೇ ಬದಲಾಗುತ್ತದೆ.

```
5.Nxe5 Nxe5!
```

ಈಗ e5ಕ್ಕೆ ಬಂದ ಕಪ್ಪು ಕುದುರೆ ಎರಡು ಕೆಲಸ ಮಾಡುತ್ತಿದೆ. g4ರ ಒಂಟೆಯನ್ನು ಕಾಯುತ್ತಿದೆ, c4ರ ಬಿಳಿ ಒಂಟೆಯ ಮೇಲೆ ಹೊಡೆತವನ್ನೂ ಇಟ್ಟಿದೆ. ಇತ್ತ ಬಿಳಿ ರಾಣಿಯೂ ಹೊಡೆತದಲ್ಲಿದೆ. ಬಿಳಿ Be2 ಎಂದು ಹಿಂದೆ ಸರಿದು ಎರಡನ್ನೂ ಉಳಿಸಿಕೊಳ್ಳಬಹುದು. ಆದರೆ ಒಂದು ಪಾನ್‌ಗೆ ಕುದುರೆ ಹೋಗಿಯಾಗಿದೆ.

ಮೂರು ಉತ್ತರಗಳಲ್ಲಿ ಎರಡು ನಮಗೆ ಅನುಕೂಲ, ಒಂದು ಪ್ರತಿಕೂಲ. ಆ ಒಂದೇ ಸಾಕು, Nxe5 ಈ ಸ್ಥಿತಿಯಲ್ಲಿ ತಪ್ಪು ನಡೆ. ಇನ್ನೊಂದು ವಿಷಯವೂ ಇದೆ. ಕೆಳಗಿನ ರೇಟಿಂಗ್‌ನಲ್ಲಿ ಎದುರಾಳಿ ನಿಜಕ್ಕೂ ರಾಣಿ ಹೊಡೆದು ಮೇಟ್ ಆಗುತ್ತಾನೆ. ಹುಡುಗ ಗೆಲ್ಲುತ್ತಾನೆ, ತಪ್ಪು ಅಭ್ಯಾಸಕ್ಕೆ ಬಹುಮಾನ ಸಿಗುತ್ತದೆ. ಗೆದ್ದ ಆಟಗಳಲ್ಲೂ ಈ ತಪ್ಪನ್ನು ಹುಡುಕಬೇಕಾದದ್ದು ಅದಕ್ಕೇ. ನಿಮ್ಮ ಲೆಕ್ಕ ‘ಅವನು ಇದನ್ನು ಹೊಡೆದರೆ’ ಎಂದು ಶುರುವಾದರೆ ಅಲ್ಲೇ ನಿಲ್ಲಿಸಿ, ‘ನಾನೇ ಅವನಾಗಿದ್ದರೆ ಏನು ಆಡುತ್ತಿದ್ದೆ’ ಎಂದು ಬದಲಿಸಿಕೊಳ್ಳಿ.

5. ಬಿದ್ದ ನಡೆಯನ್ನು ಬಿಸಾಡುವ ಮುನ್ನ, ಯಾಕೆ ಬಿತ್ತು ಎಂದು ಒಂದು ವಾಕ್ಯದಲ್ಲಿ ಹೇಳಿ

ಕ್ಯಾಂಡಿಡೇಟ್ ಪದ್ಧತಿಯ ನಿಜವಾದ ಫಲ ಸಿಗುವುದು ಈ ಹಂತದಲ್ಲಿ. Nxe5 ಯಾಕೆ ಬಿತ್ತು? e5ಕ್ಕೆ ಬರುವ ಕಪ್ಪು ಕುದುರೆ g4ರ ಒಂಟೆಯನ್ನು ಕಾಯುತ್ತದೆ, ಅದಕ್ಕೆ. ಈ ವಾಕ್ಯ ಬಾಯಲ್ಲಿ ಬಂದ ಕೂಡಲೇ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಆ ಒಂಟೆ g4ರಲ್ಲಿ ಇಲ್ಲದಿದ್ದರೆ? ಒಂದೇ ಮನೆ ಹಿಂದೆ, h5ರಲ್ಲಿ ಇದ್ದರೆ? e5ರ ಕುದುರೆಗೆ h5 ಎಟುಕುವುದಿಲ್ಲ.

ಪಟ್ಟಿಯಲ್ಲಿ ಸಾಧಾರಣವಾಗಿ ಕೂತಿದ್ದ h3ಗೆ ಈಗ ಅರ್ಥ ಬಂತು.

```
5.h3 Bh5?  6.Nxe5! Nxe5  7.Qxh5 Nxc4  8.Qb5+
```

ನಿಧಾನವಾಗಿ ನೋಡಿ. ಆರನೇ ನಡೆಯಲ್ಲಿ ಕುದುರೆ e5ರ ಪಾನ್ ಹೊಡೆಯಿತು. ಕಪ್ಪು ರಾಣಿಯಾಸೆಗೆ ಬಿದ್ದರೆ ಅದೇ ಲೆಗಾಲ್ ಮೇಟ್. ಕುದುರೆಯಿಂದ ಹೊಡೆದರೆ ನಮ್ಮ ರಾಣಿ h5ರ ಒಂಟೆಯನ್ನು ಹೊಡೆಯುತ್ತದೆ. ಅದನ್ನು ಕಾಯುವವರು ಯಾರೂ ಇಲ್ಲ. ಕಪ್ಪು ಕುದುರೆ c4ರಲ್ಲಿ ನಮ್ಮ ಒಂಟೆಯನ್ನು ಹೊಡೆಯುತ್ತದೆ. ಬಹಳ ಮಕ್ಕಳು ಲೆಕ್ಕವನ್ನು ಇಲ್ಲೇ ನಿಲ್ಲಿಸಿ ‘ಒಂದು ಕಾಯಿ ಹೋಯ್ತಲ್ಲ ಸರ್’ ಎನ್ನುತ್ತಾರೆ. ಆದರೆ ರಾಣಿ ಐದನೇ ಸಾಲಿನಲ್ಲಿ ಎಡಕ್ಕೆ ಜಾರಿ b5ರಿಂದ ಚೆಕ್ ಕೊಡುತ್ತದೆ. ಕಪ್ಪು ಚೆಕ್ ತಡೆಯಬೇಕು, ಮುಂದಿನ ನಡೆಯಲ್ಲಿ c4ರ ಕುದುರೆ ನಮ್ಮ ಪಾಲು. ಲೆಕ್ಕ ಕೂಡಿಸಿದರೆ ಬಿಳಿ ಒಂದು ಪಾನ್ ಮುಂದೆ.

ಅದೇ Nxe5, ಒಂದು ನಡೆ ತಡವಾಗಿ ಆಡಿದ್ದಕ್ಕೆ ತಪ್ಪು ನಡೆ ಸರಿಯಾದ ನಡೆಯಾಯಿತು. ಕೊಟೊವ್ ಅವರ ‘ಒಮ್ಮೆ ನೋಡಿದ ಕೊಂಬೆಗೆ ಹಿಂದಿರುಗಬೇಡಿ’ ಎಂಬ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಇದು ಸಿಗುವುದಿಲ್ಲ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಅಲೆಖಿನ್, ಯೂವೆ ಅವರಂಥ ವಿಶ್ವ ಚಾಂಪಿಯನ್‌ಗಳಿಗೆ ಒಂದು ಸ್ಥಿತಿ ಕೊಟ್ಟು ಗಟ್ಟಿಯಾಗಿ ಮಾತಾಡುತ್ತ ಯೋಚಿಸಲು ಹೇಳಿ, 1946ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ದೊಡ್ಡ ಆಟಗಾರರು ಒಂದು ನಡೆಯನ್ನು ಬಿಟ್ಟು, ಬೇರೆಯದನ್ನು ನೋಡಿ, ಅಲ್ಲಿ ಕಂಡ ಹೊಸ ವಿಷಯದೊಂದಿಗೆ ಮತ್ತೆ ಮೊದಲಿನದಕ್ಕೆ ಮರಳಿ ಇನ್ನೂ ಆಳಕ್ಕೆ ಹೋಗುತ್ತಿದ್ದರು. ಹಿಂದಿರುಗಬಹುದು. ಆದರೆ ಕೈಯಲ್ಲಿ ಹೊಸ ಕಾರಣ ಇರಬೇಕು. ಬರೀ ಆಸೆಗೆ ಮತ್ತೆ ಮತ್ತೆ ಅದೇ ಸಾಲು ನೋಡುವುದು ಸಮಯ ಕಳೆಯುವುದಷ್ಟೇ.

h3ಯ ಮಿತಿಯನ್ನೂ ಹೇಳಬೇಕು. ಎದುರಾಳಿ h5ಗೇ ಹೋಗಬೇಕೆಂದಿಲ್ಲ. d7ಗೆ ಹಿಂದೆ ಸರಿದರೆ ಬಿಳಿಗೆ ನೇರ ಲಾಭವಿಲ್ಲ, ಆಟ ಮುಂದುವರಿಯುತ್ತದೆ. ಒಂಟೆಯಿಂದ f3ರ ಕುದುರೆಯನ್ನು ಹೊಡೆದರೆ ರಾಣಿಯಿಂದ ಹಿಂದಿರುಗಿ ಹೊಡೆಯುತ್ತೇವೆ, ಆಗ f7ರಲ್ಲಿ ಮೇಟ್ ಬೆದರಿಕೆ ಹುಟ್ಟುತ್ತದೆ. ಕಪ್ಪು ಅದನ್ನು ಗಮನಿಸದೆ Nd4 ಎಂದು ನಮ್ಮ ರಾಣಿಯನ್ನು ಓಡಿಸಲು ಹೊರಟರೆ Qxf7 ಮೇಟ್. ಅಲ್ಲಿ ಮೊದಲ ಆಕರ್ಷಕ ಬೆದರಿಕೆಗೆ ಬೀಳುವುದು ಕಪ್ಪಿನ ಸರದಿ. ಯಾವ ಉತ್ತರ ಬಂದರೂ ಬಿಳಿಗೆ ನಷ್ಟವಿಲ್ಲ ಎಂಬುದೇ h3 ಮತ್ತು ಐದನೇ ನಡೆಯ Nxe5 ನಡುವಿನ ವ್ಯತ್ಯಾಸ.

6. ಲೆಕ್ಕದ ಕೊನೆಯ ಮನೆಯಲ್ಲಿ ಮತ್ತೊಮ್ಮೆ ಪಟ್ಟಿ ಮಾಡಿ

ಮೊದಲ ನಡೆಯಲ್ಲಿ ಶಿಸ್ತು ಪಾಲಿಸಿದವರೂ ಸಾಲಿನ ತುದಿಯಲ್ಲಿ ಸಡಿಲ ಬಿಡುತ್ತಾರೆ. ಗೆಲುವು ಕಣ್ಣೆದುರೇ ಇದೆ, ಇನ್ನೇನು ಯೋಚನೆ ಎಂದು. ಇದಕ್ಕೆ ನಾಲ್ಕೇ ಕಾಯಿಗಳ ಒಂದು ಸ್ಥಿತಿ ಇದೆ. ಬಿಳಿ: ರಾಜ b6, ಪಾನ್ c6. ಕಪ್ಪು: ರಾಜ a1, ಆನೆ d5. ಬಿಳಿಯ ಸರದಿ.

```
1.c7 Rd6+  2.Kb5 Rd5+  3.Kb4 Rd4+
4.Kb3 Rd3+  5.Kc2 Rd4!
```

ರಾಜ c ಸಾಲಿಗೆ ಬೇಗ ಬರುವಂತಿಲ್ಲ. ಉದಾಹರಣೆಗೆ ಎರಡನೇ ನಡೆಯಲ್ಲೇ c5ಗೆ ಹೋದರೆ ಆನೆ d1ಕ್ಕೆ ಇಳಿಯುತ್ತದೆ. ನಾವು ಪಾನ್ ಅನ್ನು ರಾಣಿ ಮಾಡಿದ ಕೂಡಲೇ c1ರಿಂದ ಚೆಕ್ ಕೊಟ್ಟು, ರಾಜ ಸರಿದ ಮೇಲೆ ರಾಣಿಯನ್ನು ಹೊಡೆದುಕೊಳ್ಳುತ್ತದೆ. ಅದಕ್ಕೇ ರಾಜ b ಸಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು c2ಗೆ ಬಂದ. ಇಲ್ಲಿ ಆನೆ d4ಕ್ಕೆ ಹೋಗಿದೆ. ಈಗ ಪಾನ್ c8 ಮುಟ್ಟಬಹುದು.

ಇಲ್ಲಿ ಯಾರ ಕೈಯಾದರೂ ರಾಣಿಯ ಕಡೆಗೆ ಹೋಗುತ್ತದೆ. ಆದರೆ ರಾಣಿ ಮಾಡಿದರೆ ಕಪ್ಪು ಆನೆ c4ರಲ್ಲಿ ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆಯಲೇಬೇಕು, ಇಲ್ಲವೇ ರಾಣಿಯೇ ಹೋಗುತ್ತದೆ. ಹೊಡೆದ ಕೂಡಲೇ a1ರ ರಾಜನಿಗೆ ಹೋಗಲು ಜಾಗವಿಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್, ಆಟ ಡ್ರಾ.

1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಅಂಕಣಕಾರ ಬಾರ್ಬಿಯರ್ ಇದನ್ನು ಡ್ರಾ ಎಂದೇ ತೋರಿಸಿದ್ದರು. ಆ ಊರಿನಲ್ಲಿದ್ದ ಸ್ಪೇನ್ ಮೂಲದ ಪಾದ್ರಿ ಫರ್ನಾಂಡೊ ಸಾವೆದ್ರಾ ಇನ್ನೊಂದು ಕ್ಯಾಂಡಿಡೇಟ್ ಕಂಡುಹಿಡಿದರು.

```
6.c8=R! Ra4  7.Kb3
```

ಪಾನ್ ರಾಣಿಯಾಗದೆ ಆನೆಯಾಗಬೇಕು! ಆನೆಗೆ a2 ಮನೆ ಕಾಯಲು ಬರುವುದಿಲ್ಲ, ಹಾಗಾಗಿ ಸ್ಟೇಲ್‌ಮೇಟ್ ತಪ್ಪುತ್ತದೆ. a8ಕ್ಕೆ ಹೋಗಿ ಮೇಟ್ ಮಾಡುವ ಬೆದರಿಕೆ ಇದೆ. ಕಪ್ಪು ಆನೆ ಅದನ್ನು ತಡೆಯಲು a4ಕ್ಕೆ ಹೋಗಲೇಬೇಕು. ಆಗ ರಾಜ b3ಗೆ ಬಂದು ಎರಡು ಬೆದರಿಕೆ ಒಟ್ಟಿಗೆ ಒಡ್ಡುತ್ತಾನೆ: ಆನೆಯನ್ನು ಹೊಡೆಯುವುದು, c1ರಲ್ಲಿ ಮೇಟ್ ಮಾಡುವುದು. ಎರಡನ್ನೂ ತಡೆಯಲಾಗದು. ಸಾವೆದ್ರಾ ಹೆಸರಾಂತ ಆಟಗಾರರಾಗಿರಲಿಲ್ಲ. ಅವರ ಹೆಸರು ಚೆಸ್‌ನಲ್ಲಿ ಉಳಿದದ್ದು ಈ ಒಂದು ನಡೆಯಿಂದ. ಪಾನ್ ಕೊನೆಯ ಮನೆ ಮುಟ್ಟಿದಾಗ ನಾಲ್ಕು ಕ್ಯಾಂಡಿಡೇಟ್ ಇರುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಅದನ್ನು ಪಟ್ಟಿಯಾಗಿ ನೋಡಿದವರು ಅವರು.

ನಿಮ್ಮ ಲೆಕ್ಕ ‘ಗೆದ್ದೆ’ ಎಂದು ಮುಗಿಯುವ ಮನೆಯಲ್ಲಿ ಎರಡು ಪ್ರಶ್ನೆ ಕೇಳಿ. ಅವನಿಗೆ ಅಲ್ಲಿ ಚೆಕ್ ಇದೆಯೇ? ನನಗೆ ಅಲ್ಲಿ ಬೇರೆ ನಡೆ ಇದೆಯೇ?

7. ಪಟ್ಟಿ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಗಡಿಯಾರ ನೋಡಿ ನಿರ್ಧರಿಸಿ

ಪ್ರತಿ ನಡೆಗೂ ಪೂರ್ತಿ ಪಟ್ಟಿ ಮಾಡುತ್ತ ಕೂತರೆ 15 ನಿಮಿಷದ ಆಟದಲ್ಲಿ ಫ್ಲ್ಯಾಗ್ ಬೀಳುತ್ತದೆ. ಹೊಡೆದ ಕಾಯಿಯನ್ನು ಹಿಂದಿರುಗಿ ಹೊಡೆಯಲೇಬೇಕಾದಾಗ, ಚೆಕ್‌ಗೆ ಒಂದೇ ಉತ್ತರ ಇರುವಾಗ ಪಟ್ಟಿ ಬೇಡ. ಪಟ್ಟಿ ಬೇಕಾಗುವುದು ಕಾಯಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುವಾಗ, ಏನನ್ನಾದರೂ ಬಲಿ ಕೊಡಲು ಮನಸ್ಸಾದಾಗ, ಮತ್ತು ‘ಸಿಕ್ಕಿಬಿಟ್ಟಿತು!’ ಎಂದು ಎದೆ ಡವಡವ ಅಂದಾಗ. ರ‍್ಯಾಪಿಡ್‌ನಲ್ಲಿ ಅಂಥ ಕಡೆ ಮೂರು ಕ್ಯಾಂಡಿಡೇಟ್ ಸಾಕು. 90 ನಿಮಿಷದ ಕ್ಲಾಸಿಕಲ್ ಆಟದಲ್ಲಿ ನಾಲ್ಕೈದು ನೋಡಬಹುದು. ಎಂಟು ಹತ್ತು ನಡೆ ಪಟ್ಟಿ ಮಾಡಿದರೆ ಯಾವುದರ ಲೆಕ್ಕವೂ ಆಳಕ್ಕೆ ಹೋಗುವುದಿಲ್ಲ.

ಶಿಸ್ತು ತಪ್ಪುತ್ತಿದೆ ಎಂದು ತಿಳಿಯಲು ಎರಡು ಗುರುತು ಇವೆ. ಮೊದಲನೆಯದು, ಮೂರು ನಿಮಿಷ ಕಳೆದಿದೆ, ಆದರೆ ಎರಡನೇ ಕ್ಯಾಂಡಿಡೇಟ್ ಯಾವುದು ಎಂದರೆ ಹೆಸರು ಹೇಳಲು ಬರುತ್ತಿಲ್ಲ. ಎರಡನೆಯದನ್ನು ಕೊಟೊವ್ ಅವರೇ ವಿವರಿಸಿದ್ದಾರೆ. ಆಟಗಾರ ಎರಡು ನಡೆಗಳ ನಡುವೆ ಬಹಳ ಹೊತ್ತು ಹೊಯ್ದಾಡುತ್ತಾನೆ, ಎರಡರಲ್ಲೂ ತೊಂದರೆ ಕಾಣುತ್ತದೆ, ಗಡಿಯಾರ ಹೆದರಿಸುತ್ತದೆ. ಕೊನೆಗೆ ಒಂದಿಷ್ಟೂ ಲೆಕ್ಕ ಹಾಕದ ಮೂರನೆಯ ನಡೆಯನ್ನು ತಟ್ಟನೆ ಆಡಿಬಿಡುತ್ತಾನೆ. ಮೂರನೆಯದು ಆಡಬಾರದೆಂದೇನಿಲ್ಲ. ಆದರೆ ಕೈ ಹಾಕುವ ಮುನ್ನ ಎದುರಾಳಿಯ ಚೆಕ್ ಮತ್ತು ಹೊಡೆತಗಳನ್ನಾದರೂ ಅದರ ಮೇಲೆ ಒಮ್ಮೆ ಹಾಯಿಸಿ ನೋಡಲೇಬೇಕು. ಕಾಯಿ ಮುಟ್ಟಿದರೆ ಅದನ್ನೇ ಆಡಬೇಕೆಂಬ ನಿಯಮ ಇರುವುದರಿಂದ ಅಲ್ಲಿಯ ತನಕ ಕೈಗಳು ಟೇಬಲ್ಲಿನ ಕೆಳಗಿರಲಿ.

8. ಮನೆಯಲ್ಲಿ ಬರೆಯಿರಿ, ಟೂರ್ನಿಯಲ್ಲಿ ಬರೆಯಬೇಡಿ

ಪಟ್ಟಿ ಮಾಡುವ ಅಭ್ಯಾಸ ಕಾಗದದ ಮೇಲೆ ಬೇಗ ಬೆಳೆಯುತ್ತದೆ. ಆದರೆ ಆಟದ ನಡುವೆ ಸ್ಕೋರ್‌ಶೀಟಿನ ಮೂಲೆಯಲ್ಲಿ ಕ್ಯಾಂಡಿಡೇಟ್ ಬರೆದುಕೊಳ್ಳುವಂತಿಲ್ಲ, ಅದು ಟಿಪ್ಪಣಿ ಎಂದೇ ಲೆಕ್ಕ. ನಡೆಯನ್ನು ಮೊದಲು ಬರೆದು ಆಮೇಲೆ ಆಡುವುದನ್ನೂ ಫಿಡೆ ನಿಯಮ ಒಪ್ಪುವುದಿಲ್ಲ. ಡ್ರಾ ಕೇಳುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಹಳೆಯ ತಲೆಮಾರಿನ ಆಟಗಾರರು ‘ಬರೆದು, ನೋಡಿ, ಆಮೇಲೆ ಆಡು’ ಎಂದು ಕಲಿಸುತ್ತಿದ್ದರು. ಇವತ್ತು ಹಾಗೆ ಮಾಡಿದರೆ ಆರ್ಬಿಟರ್ ಎಚ್ಚರಿಕೆ ಕೊಡಬಹುದು. ಬರವಣಿಗೆ ಮನೆಯ ಕೆಲಸವಾಗಿರಲಿ, ಟೂರ್ನಿಯಲ್ಲಿ ಅದು ಮನಸ್ಸಿನಲ್ಲಿ ನಡೆಯಲಿ.

ಮನೆಯಲ್ಲಿ ಹೀಗೆ ಮಾಡಿ. ಉತ್ತರ ಗೊತ್ತಿಲ್ಲದ ಒಂದು ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿ. ಮೊದಲ ಒಂದು ನಿಮಿಷ ಲೆಕ್ಕ ಬೇಡ, ನೋಟ್‌ಬುಕ್ಕಿನಲ್ಲಿ ಕ್ಯಾಂಡಿಡೇಟ್‌ಗಳನ್ನು ಮಾತ್ರ ಬರೆಯಿರಿ. ನಂತರ ಐದು ನಿಮಿಷ ಕಾಯಿ ಮುಟ್ಟದೆ ಒಂದೊಂದರ ಲೆಕ್ಕ ಹಾಕಿ. ಬಿದ್ದ ಪ್ರತಿ ನಡೆಯ ಪಕ್ಕ ‘ಯಾಕೆ ಬಿತ್ತು’ ಎಂಬ ವಾಕ್ಯ ಬರೆಯಿರಿ. ಆ ವಾಕ್ಯದಿಂದ ಹೊಸ ನಡೆ ಹೊಳೆದರೆ ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ವಾರಕ್ಕೆ ಇಂಥ ಮೂರು ನಾಲ್ಕು ಸ್ಥಿತಿ ಸಾಕು. ದಿನಕ್ಕೆ ಐವತ್ತು ಪಜಲ್ ಬಿಡಿಸುವುದು ಇದಕ್ಕೆ ಬದಲಿಯಲ್ಲ. ಪಜಲ್‌ನಲ್ಲಿ ಗೆಲುವಿನ ನಡೆ ಇದ್ದೇ ಇದೆ ಎಂದು ಮೊದಲೇ ಗೊತ್ತಿರುತ್ತದೆ, ಅದು ಬಹುಪಾಲು ಚೆಕ್ ಅಥವಾ ಹೊಡೆತವೇ ಆಗಿರುತ್ತದೆ. h3ಯಂಥ ನಡೆ ಅಲ್ಲಿ ಅಪರೂಪ.

ಟೂರ್ನಿ ಮುಗಿದ ಮೇಲೆ ಸ್ಕೋರ್‌ಶೀಟ್ ತೆಗೆದು ಆಟ ತಿರುಗಿದ ಎರಡು ಜಾಗಗಳನ್ನು ಗುರುತಿಸಿ. ಸರಿಯಾದ ನಡೆ ನನ್ನ ಪಟ್ಟಿಯಲ್ಲಿ ಇತ್ತೇ? ಎದುರಾಳಿ ಕೊಟ್ಟ ಉತ್ತರ ಅವನಿಗೆಂದು ನಾನು ಮಾಡಿದ ಪಟ್ಟಿಯಲ್ಲಿ ಇತ್ತೇ? ನಡೆ ಪಟ್ಟಿಯಲ್ಲಿದ್ದು ಲೆಕ್ಕ ತಪ್ಪಿದ್ದರೆ ಲೆಕ್ಕದ ಅಭ್ಯಾಸ ಹೆಚ್ಚಿಸಬೇಕು. ನಡೆ ಪಟ್ಟಿಯಲ್ಲೇ ಇರಲಿಲ್ಲವೆಂದರೆ ಎರಡನೇ ಮತ್ತು ಮೂರನೇ ಸೂತ್ರಕ್ಕೆ ಹಿಂದಿರುಗಬೇಕು. ಎದುರಾಳಿಯ ಉತ್ತರ ಇರಲಿಲ್ಲವೆಂದರೆ ನಾಲ್ಕನೆಯದಕ್ಕೆ. ಸೋಲಿನ ಕಾರಣ ಹೀಗೆ ಬೇರೆಬೇರೆಯಾಗಿ ಸಿಕ್ಕರೆ ಮುಂದಿನ ವಾರ ಯಾವುದನ್ನು ಅಭ್ಯಾಸ ಮಾಡಬೇಕು ಎಂಬುದು ಸ್ಕೋರ್‌ಶೀಟಿನಿಂದಲೇ ತಿಳಿಯುತ್ತದೆ.